ಮೂರನೇ ಮಷಿನ್ ಯಾರದು?

ಪೀಣ್ಯದಲ್ಲಿ ಒಂದು ಶೆಡ್. ಆರು ಸಿಎನ್‌ಸಿ ಲೇತ್, ಹದಿನಾಲ್ಕು ಜನ. ಹಿತ್ತಾಳೆ ಮತ್ತು ಸ್ಟೀಲ್ ರಾಡ್‌ನಿಂದ ಬುಶ್, ನಿಪ್ಪಲ್, ಪಿನ್ ಮಾಡುತ್ತಾರೆ. ನಾನು ಕಾಸ್ಟ್ ಅಕೌಂಟೆಂಟ್. ಮೊದಲ ಸಲ ಹೋದಾಗ ಮಾಲೀಕರು ಧೈರ್ಯವಾಗಿಯೇ ಹೇಳಿದರು: "ಸರ್, ನಮಗೆ ಎಂಟು ಕಸ್ಟಮರ್ ಇದ್ದಾರೆ. ದೊಡ್ಡ ಪಾರ್ಟಿದು 65 ಪರ್ಸೆಂಟ್ ಅಷ್ಟೇ."

ಎಂಟೂ ಹೆಸರು ಬರೆದು, ಪ್ರತಿಯೊಂದರ ಮುಂದೆ ಒಂದೇ ಪ್ರಶ್ನೆ ಹಾಕಿದೆವು. ಈ ಪಾರ್ಟ್ ಕೊನೆಗೆ ಯಾವ ವಸ್ತುವಿಗೆ ಹೋಗಿ ಕೂರುತ್ತೆ? ಆಗ ಗೊತ್ತಾಯಿತು, ಎಂಟರಲ್ಲಿ ಇನ್ನಿಬ್ಬರು ಕೂಡ ದೊಡ್ಡ ಪಾರ್ಟಿ ಮಾಲು ಕೊಡುವ ಅದೇ ದ್ವಿಚಕ್ರ ವಾಹನ ಕಂಪನಿಗೆ ಅಸೆಂಬ್ಲಿ ಕಳಿಸುವವರು. ಆ ಗಾಡಿಯ ಮಾರಾಟ ಬಿದ್ದರೆ ಮೂವರ ಆರ್ಡರೂ ಒಟ್ಟಿಗೇ ಬೀಳುತ್ತೆ. ಬಿಲ್ ಮೂರು ಹೆಸರಿನಲ್ಲಿದ್ದರೂ ಮನೆ ಒಂದೇ. ವರ್ಷದ 2.40 ಕೋಟಿ ವ್ಯಾಪಾರದಲ್ಲಿ ಈ ಮನೆಯ ಪಾಲು 1.92 ಕೋಟಿ, ಅಂದರೆ 80 ಪರ್ಸೆಂಟ್.

ಆದರೆ ಬಿಲ್ ನೋಡಿ ಅವಲಂಬನೆ ಅಳೆಯುವುದೂ ತಪ್ಪೇ. 1.92 ಕೋಟಿಯಲ್ಲಿ ರಾಡ್, ಪ್ಲೇಟಿಂಗ್, ಇನ್ಸರ್ಟ್ ಖರ್ಚೇ 1.20 ಕೋಟಿ. ಆ ದುಡ್ಡು ನಮ್ಮ ಕೈ ಹಾದು ಹೋಗುತ್ತೆ, ಅಷ್ಟೇ. ಉಳಿಯುವುದು 72 ಲಕ್ಷ. ಬೇರೆ ಐದು ಕಸ್ಟಮರ್‌ಗಳ ಬಿಲ್ 48 ಲಕ್ಷ. ಅದರಲ್ಲಿ ಸ್ವಲ್ಪ ಜಾಬ್ ವರ್ಕ್, ರಾಡ್ ಅವರದೇ. ಹಾಗಾಗಿ ಉಳಿಯುವುದು 30 ಲಕ್ಷ. ಸಂಬಳ, ಬಾಡಿಗೆ, ಕರೆಂಟು, ಇಎಂಐ ಎಲ್ಲ ಹೋಗಬೇಕಾದದ್ದು ಹೀಗೆ ಉಳಿದ ಹಣದಿಂದಲೇ.

ಇದನ್ನೇ ಮಷಿನ್ ಗಂಟೆಗೆ ಭಾಗಿಸಿದೆವು. ದೊಡ್ಡ ಮನೆಯ ಕೆಲಸ ವರ್ಷಕ್ಕೆ 18,000 ಗಂಟೆ ತಿನ್ನುತ್ತಿತ್ತು. ಗಂಟೆಗೆ 400 ರೂಪಾಯಿ ಉಳಿಕೆ. ಉಳಿದ ಐವರದು 5,000 ಗಂಟೆ, ಗಂಟೆಗೆ 600. ಇಲ್ಲಿ ಒಂದು ಎಚ್ಚರ ಬೇಕು. ಸಣ್ಣ ಲಾಟ್‌ಗೆ ಬರೀ ಸೈಕಲ್ ಟೈಮ್, ಅಂದರೆ ಒಂದು ಪೀಸ್ ತೆಗೆಯಲು ಮಷಿನ್ ಓಡುವ ಹೊತ್ತು, ಹಿಡಿದರೆ ಸಾಲದು. ಐವತ್ತು ಪೀಸ್ ತೆಗೆಯಲು ಮಷಿನ್ನನ್ನು ಆ ಪಾರ್ಟ್‌ಗೆ ಸಜ್ಜು ಮಾಡುವ ಸೆಟ್ಟಿಂಗ್‌ಗೇ ಎರಡೂವರೆ ಗಂಟೆ ಹಿಡಿಯುತ್ತೆ, ಆ ಹೊತ್ತೂ ಮಷಿನ್ ನಿಂತೇ ಇರುತ್ತೆ. ಮಾಲೀಕರ ಹಳೆಯ ಲೆಕ್ಕದಲ್ಲಿ ಸೆಟ್ಟಿಂಗ್ ಇರಲಿಲ್ಲ. ಅದರ ಪ್ರಕಾರ ಸಣ್ಣ ಆರ್ಡರ್‌ಗಳು ಗಂಟೆಗೆ 900 ಕೊಡುತ್ತಿದ್ದವು. ಅದನ್ನು ನಂಬಿ ಕೊಟೇಶನ್ ಕೊಟ್ಟಿದ್ದರೆ ಹೊಸ ಕಸ್ಟಮರ್ ಸಿಕ್ಕಿಯೂ ನಷ್ಟ ಆಗುತ್ತಿತ್ತು.

"ಹಾಗಾದರೆ ಎಷ್ಟಕ್ಕೆ ಇಳಿಸಬೇಕು, 50 ಪರ್ಸೆಂಟಾ?" ಅಂತ ಕೇಳಿದರು. ನಾನು ಪರ್ಸೆಂಟ್ ಗುರಿ ಕೊಡುವುದಿಲ್ಲ. ದೊಡ್ಡ ಪಾರ್ಟಿ ನಾಳೆಯೇ ನಿಂತರೆ ಶೆಡ್‌ನ ಬಾಗಿಲು ತೆರೆದಿಡಲು ಎಷ್ಟು ಬೇಕು ಅಂತ ಕೇಳುತ್ತೇನೆ. ಇವರ ತಿಂಗಳ ಖರ್ಚು ಆರೂವರೆ ಲಕ್ಷ. ಬಾಡಿಗೆ, ಇಎಂಐ, ಬಿಟ್ಟುಕೊಡಲಾಗದ ಆರು ಜನ, ಇಷ್ಟಕ್ಕೇ ಇಳಿಸಿದರೆ ತಿಂಗಳಿಗೆ 4 ಲಕ್ಷ, ವರ್ಷಕ್ಕೆ 48 ಲಕ್ಷ. ಬೇರೆಯವರಿಂದ ಉಳಿಯುವುದು 30. ಕೊರತೆ 18 ಲಕ್ಷ. ಗಂಟೆಗೆ 600ರಂತೆ ಅದು 3,000 ಗಂಟೆ. ಅವರ ಒಂದು ಮಷಿನ್ ವರ್ಷಕ್ಕೆ ನಿಜವಾಗಿ ಓಡುವುದು ಸುಮಾರು 3,800 ಗಂಟೆ. ಅಂದರೆ ದೊಡ್ಡ ಮಾತೆಲ್ಲ ಕರಗಿ ಒಂದು ಮಷಿನ್‌ಗೆ ಬಂದು ನಿಂತಿತು.

ಮೊದಲ ಪ್ರಯತ್ನ ಕೆಟ್ಟಿತು. ಖಾಲಿ ಇದ್ದಾಗ ಹೊಸ ಕೆಲಸ ಹಾಕೋಣ ಅಂತ ಒಂದು ಪಂಪ್ ಕಂಪನಿಯ ಆರ್ಡರ್ ಹಿಡಿದರು. ಅರ್ಧ ಲಾಟ್ ಆಗಿತ್ತು, ದೊಡ್ಡ ಪಾರ್ಟಿಯ ಸ್ಟೋರ್ಸ್‌ನಿಂದ ಫೋನ್: ನಾಳೆ ಬೆಳಿಗ್ಗೆ ಮಾಲು ಬೇಕು, ಇಲ್ಲಾಂದ್ರೆ ಲೈನ್ ನಿಲ್ಲುತ್ತೆ. ಲೈನ್ ನಿಂತರೆ ಆ ನಷ್ಟವನ್ನು ನಮ್ಮ ಬಿಲ್‌ನಿಂದ ಕಳೆಯುವ ಡೆಬಿಟ್ ನೋಟ್ ಬರುತ್ತೆ. ಸೆಟ್ಟಿಂಗ್ ಬಿಚ್ಚಿದರು. ಪಂಪ್ ಮಾಲು ಹನ್ನೆರಡು ದಿನ ತಡವಾಯಿತು. ಎರಡನೇ ಆರ್ಡರ್ ಬರಲೇ ಇಲ್ಲ. ಖಾಲಿ ಗಂಟೆಗಳು ಕಾಗದದ ಮೇಲೆ ಮಾತ್ರ ಒಟ್ಟಿಗೆ ಸಿಗುತ್ತವೆ. ಶೆಡ್‌ನಲ್ಲಿ ಅವು ಚೂರು ಚೂರಾಗಿ ಚೆಲ್ಲಿರುತ್ತವೆ.

ಆಮೇಲೆ ಮೂರನೇ ಮಷಿನ್ನನ್ನೇ ಬೇರೆ ಮಾಡಿದೆವು. ಅದಕ್ಕೊಬ್ಬ ಸೆಟ್ಟರ್, ಗೋಡೆಗೆ ಬೇರೆ ಬೋರ್ಡು. ದೊಡ್ಡ ಪಾರ್ಟಿಯ ಪಾರ್ಟ್ ಅದರ ಮೇಲೆ ಹತ್ತುವ ಹಾಗಿಲ್ಲ. ಆದರೆ ಆ ಗಂಟೆಗಳನ್ನು ಎಲ್ಲಿಂದ ತರುವುದು? ಪಾರ್ಟ್‌ವಾರು ಗಂಟೆಯ ಉಳಿಕೆ ತೆಗೆದಾಗ ಎರಡು ಪಿನ್‌ಗಳು ಗಂಟೆಗೆ 220 ರೂಪಾಯಿ ಮಾತ್ರ ಕೊಡುತ್ತಿದ್ದವು. ಎರಡೂ ಸೇರಿ 2,500 ಗಂಟೆ ನುಂಗುತ್ತಿದ್ದವು. ಅವನ್ನು ಸುಮ್ನೆ ಕೈಬಿಡುವ ಹಾಗಿಲ್ಲ. "ಕೊಟ್ಟರೆ ಎಲ್ಲ ಕೊಡಿ, ಇಲ್ಲಾಂದ್ರೆ ಬೇಡ" ಅನ್ನುವ ಪರ್ಚೇಸ್ ಮ್ಯಾನೇಜರ್‌ಗಳು ಇದ್ದಾರೆ. ಮಾಲೀಕರು ನಾಲ್ಕು ತಿಂಗಳು ಮೊದಲೇ ಲಿಖಿತವಾಗಿ ತಿಳಿಸಿ, ಪಕ್ಕದ ರಸ್ತೆಯ ಶೆಡ್‌ನಲ್ಲಿ ಮಾಡಿಸಲು ಒಪ್ಪಿಗೆ ಕೇಳಿದರು. ಕೊನೆಯ ಇನ್‌ಸ್ಪೆಕ್ಷನ್ ತಮ್ಮದೇ ಅಂದರು. ಹೊಸ ಜಾಗದ ಸ್ಯಾಂಪಲ್ ಮತ್ತೆ ಪಾಸಾಗಬೇಕಾಯಿತು. ಹೇಳದೆ ಹೊರಗೆ ಮಾಡಿಸಿ ಸಿಕ್ಕಿಬಿದ್ದವರನ್ನು ನೋಡಿದ್ದೇನೆ. ಅಂಥವರಿಗೆ ಉಳಿದ ಪಾರ್ಟ್‌ಗಳೂ ಹೋದವು.

ಹೊಸಬರನ್ನು ಹುಡುಕುವಾಗ ವಾಹನದ ಕಡೆ ಹೋಗಬೇಡಿ ಅಂದೆ. ಅಲ್ಲಿ ವಾಹನ ಉದ್ಯಮದ ಗುಣಮಟ್ಟದ ಸರ್ಟಿಫಿಕೇಟ್ ಐಎಟಿಎಫ್ 16949 ಇದೆಯಾ ಅನ್ನುವುದರಿಂದಲೇ ಮಾತು ಶುರುವಾಗುತ್ತೆ, ಮೇಲಾಗಿ ಗಾಡಿ ಮಾರುಕಟ್ಟೆ ಬಿದ್ದರೆ ಎಲ್ಲರೂ ಒಟ್ಟಿಗೆ ಬೀಳುತ್ತಾರೆ. ವಾಲ್ವ್, ಡೈರಿ ಉಪಕರಣ, ಪ್ಯಾಕಿಂಗ್ ಮಷಿನ್, ಬೆಳಗಾವಿ ಕಡೆಯ ಹೈಡ್ರಾಲಿಕ್ಸ್ ಹಿಡಿದರೆ ಲಾಟ್ ಚಿಕ್ಕದು, ರೇಟ್ ಚೆನ್ನ. ತೋರಿಸಲು ದೊಡ್ಡ ಪಾರ್ಟಿಯ ಪಾರ್ಟ್ ಒಯ್ಯಬಾರದು, ಆ ಡ್ರಾಯಿಂಗ್ ಅವರದು. ತಾವೇ ಒಂದು ಡೆಮೊ ಪೀಸ್ ಮಾಡಿ, ಅಳತೆ ರಿಪೋರ್ಟ್ ಜೊತೆ ಒಯ್ದರು. ಎನ್‌ಕ್ವೈರಿ, ಕೊಟೇಶನ್, ಸ್ಯಾಂಪಲ್, ಟ್ರಯಲ್ ಲಾಟ್ ಎಲ್ಲ ದಾಟಿ ಮೊದಲ ಕಾಯಂ ಆರ್ಡರ್ ಬರಲು ಹನ್ನೊಂದು ತಿಂಗಳು ಹಿಡಿಯಿತು.

ಆ ಆರ್ಡರ್ ಬಂದ ಮೇಲೆ ದುಡ್ಡಿನ ತಾಪತ್ರಯ. ತಿಂಗಳಿಗೆ 2.4 ಲಕ್ಷದ ಬಿಲ್, 60 ದಿನ ಸಾಲ. ಹಣ ಬರುವ ಮೊದಲೇ ಜಿಎಸ್‌ಟಿ ಕಟ್ಟಬೇಕು, ರಾಡ್ ತಂದಿಡಬೇಕು. ಆರೂವರೆ ಲಕ್ಷ ಸಿಕ್ಕಿಹಾಕಿಕೊಳ್ಳುತ್ತೆ. ಇದನ್ನು ಮುಂಚೆಯೇ ತೆಗೆದಿಡದೆ ದೊಡ್ಡ ಪಾರ್ಟಿಯ ರಾಡ್ ದುಡ್ಡು ತಿರುಗಿಸಿದರೆ ಅಲ್ಲಿ ಡೆಲಿವರಿ ತಪ್ಪುತ್ತೆ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಸಪ್ಲೈಯರ್‌ಗೆ ಒಪ್ಪಂದವಿದ್ದರೂ 45 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಹೊಸ ಕಸ್ಟಮರ್ ಹತ್ತಿರ ಅದನ್ನು ಮೊದಲ ದಿನವೇ ಮಾತಾಡಬಹುದು, ಎಂಎಸ್‌ಎಂಇ ನೋಂದಣಿಯ ಉದ್ಯಮ್ ನಂಬರ್ ಬಿಲ್ ಮೇಲೆ ಹಾಕಬಹುದು. 80 ಪರ್ಸೆಂಟ್ ಕೊಡುವವರ ಮೇಲೆ ದೂರು ಹಾಕಿದವರನ್ನು ನಾನಂತೂ ಕಂಡಿಲ್ಲ.

ಈಗ ಬೇರೆಯವರಿಂದ ಉಳಿಯುವುದು 45 ಲಕ್ಷ. ಇನ್ನೂ ಮೂರು ಲಕ್ಷ ಕಡಿಮೆ. ಕಳೆದ ಸಲ ಹೋದಾಗ ಮೂರನೇ ಮಷಿನ್ ನಿಂತಿತ್ತು. "ಏನಾಯ್ತು?" ಅಂದೆ. "ಸೆಟ್ಟರ್ ತಂಗಿ ಮದುವೆ ಸರ್, ಹಾಸನಕ್ಕೆ ಹೋಗಿದ್ದಾನೆ. ಅವನು ಬಿಟ್ರೆ ಇದನ್ನ ಸೆಟ್ ಮಾಡೋರು ಯಾರೂ ಇಲ್ಲ."