ಹಾಂಗ್‌ಕಾಂಗ್‌ನ ಬಡ್ಡಿ ದರ ಯಾರ ಕೈಯಲ್ಲಿದೆ?

2022ರ ಜೂನ್‌ನಲ್ಲಿ ಅಮೆರಿಕದ ಹಣದುಬ್ಬರ ಶೇ 9 ದಾಟಿತ್ತು. ಅದನ್ನು ಹತ್ತಿಕ್ಕಲು ಅಲ್ಲಿನ ಫೆಡರಲ್ ರಿಸರ್ವ್ ಒಂದರ ಹಿಂದೆ ಒಂದರಂತೆ ಬಡ್ಡಿ ಏರಿಸುತ್ತಿತ್ತು. ಹಾಂಗ್‌ಕಾಂಗ್‌ನಲ್ಲಿ ಆ ಹೊತ್ತಿಗೆ ಹಣದುಬ್ಬರ ಶೇ 2ರ ಆಸುಪಾಸಿನಲ್ಲಿತ್ತು, ಆರ್ಥಿಕತೆ ಕುಗ್ಗುತ್ತಿತ್ತು, ಮನೆಗಳ ಬೆಲೆ ಇಳಿಯತೊಡಗಿತ್ತು. ಬಡ್ಡಿ ಇಳಿಸಲು ಬೇಕಾದ ಕಾರಣಗಳೆಲ್ಲ ಇದ್ದವು. ಆದರೂ ಅಲ್ಲಿನ ವಿತ್ತ ಪ್ರಾಧಿಕಾರದ ಮೂಲ ದರ 2022ರ ಮಾರ್ಚ್‌ನಲ್ಲಿದ್ದ ಶೇ 0.75ರಿಂದ 2023ರ ಜುಲೈ ಹೊತ್ತಿಗೆ ಶೇ 5.75ಕ್ಕೆ ಏರಿತು.

ಸ್ಥಿರ ವಿನಿಮಯ ದರ, ಬಂಡವಾಳದ ಮುಕ್ತ ಓಡಾಟ, ಸ್ವಂತ ಬಡ್ಡಿ ನೀತಿ: ಈ ಮೂರರಲ್ಲಿ ಎರಡನ್ನು ಆರಿಸಿಕೊಂಡರೆ ಮೂರನೆಯದು ಕೈಬಿಟ್ಟುಹೋಗುತ್ತದೆ. ಅರ್ಥಶಾಸ್ತ್ರಜ್ಞರಾದ ರಾಬರ್ಟ್ ಮಂಡೆಲ್ ಮತ್ತು ಮಾರ್ಕಸ್ ಫ್ಲೆಮಿಂಗ್ 1960ರ ದಶಕದಲ್ಲಿ ಮಾಡಿದ ಕೆಲಸದಿಂದ ಬಂದ ಮಾತು ಇದು. ಪಠ್ಯಪುಸ್ತಕದಲ್ಲಿ ಇದನ್ನೊಂದು ತ್ರಿಕೋನವಾಗಿ ಬರೆದು ಮುಗಿಸುತ್ತಾರೆ. ಆ ಮೂರನೆಯದು ಕೈಬಿಡುವುದು ಹೇಗೆ ಎಂಬುದನ್ನು ನೋಡಬೇಕಾದರೆ ಹಾಂಗ್‌ಕಾಂಗ್‌ನಷ್ಟು ಸ್ವಚ್ಛ ಉದಾಹರಣೆ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಹಾಂಗ್‌ಕಾಂಗ್ ಡಾಲರ್ 1983ರಿಂದ ಅಮೆರಿಕನ್ ಡಾಲರಿಗೆ ಕಟ್ಟಿಕೊಂಡಿದೆ. ಈಗ ಅದು ಓಡಾಡಬಹುದಾದ ಪಟ್ಟಿ ಒಂದು ಅಮೆರಿಕನ್ ಡಾಲರಿಗೆ 7.75ರಿಂದ 7.85 ಹಾಂಗ್‌ಕಾಂಗ್ ಡಾಲರ್. ಬಂಡವಾಳಕ್ಕೆ ತಡೆಯೇ ಇಲ್ಲ. ದರ 7.85 ಮುಟ್ಟಿದಾಗ ಯಾವ ಬ್ಯಾಂಕ್ ಬಂದು ಕೇಳಿದರೂ ಪ್ರಾಧಿಕಾರ ಆ ದರದಲ್ಲಿ ಅಮೆರಿಕನ್ ಡಾಲರ್ ಕೊಡಲೇಬೇಕು.

ಒಂದು ಬ್ಯಾಂಕ್ 10 ಕೋಟಿ ಅಮೆರಿಕನ್ ಡಾಲರ್ ಕೇಳಿತು ಎನ್ನಿ. ಪ್ರಾಧಿಕಾರದಲ್ಲಿರುವ ಆ ಬ್ಯಾಂಕಿನ ಖಾತೆಯಿಂದ 78.5 ಕೋಟಿ ಹಾಂಗ್‌ಕಾಂಗ್ ಡಾಲರ್ ಕಡಿತವಾಗುತ್ತದೆ. ಆ ಹಣ ಬೇರೆ ಬ್ಯಾಂಕಿನ ಖಾತೆಗೂ ಹೋಗುವುದಿಲ್ಲ, ವ್ಯವಸ್ಥೆಯಿಂದಲೇ ಮಾಯವಾಗುತ್ತದೆ. ಎಲ್ಲ ಬ್ಯಾಂಕುಗಳ ಇಂಥ ಖಾತೆಗಳನ್ನು ಕೂಡಿಸಿದ ಮೊತ್ತವನ್ನು ಒಟ್ಟು ಶಿಲ್ಕು ಎನ್ನೋಣ. ಅದು ಕರಗಿದಂತೆಲ್ಲ ಬ್ಯಾಂಕುಗಳು ಪರಸ್ಪರ ಸಾಲ ಕೊಡುವ ದರ, ಅಂದರೆ ಹೈಬೋರ್, ತಾನಾಗಿಯೇ ಮೇಲೇಳುತ್ತದೆ. ಇಲ್ಲಿ ಸಭೆ ಸೇರಿ ಬಡ್ಡಿ ಏರಿಸುವವರು ಯಾರೂ ಇಲ್ಲ. ವಿನಿಮಯ ದರ ಕಾಯುವ ಕೆಲಸವೇ ಬಡ್ಡಿಯನ್ನೂ ಏರಿಸಿಬಿಡುತ್ತದೆ.

ಬ್ಯಾಂಕುಗಳು ಡಾಲರ್ ಕೇಳಿಕೊಂಡು ಬರುವುದಾದರೂ ಏಕೆ? 2022ರ ಮೇ ತಿಂಗಳಲ್ಲಿ ಹೈಬೋರ್ ಅಮೆರಿಕದ ದರಕ್ಕಿಂತ ಸ್ಪಷ್ಟವಾಗಿ ಕೆಳಗಿತ್ತು. ಅಗ್ಗವಾಗಿ ಹಾಂಗ್‌ಕಾಂಗ್ ಡಾಲರ್ ಸಾಲ ಪಡೆದು, ಅಮೆರಿಕನ್ ಡಾಲರಿಗೆ ಬದಲಿಸಿ, ಹೆಚ್ಚು ಬಡ್ಡಿಗೆ ಇಡುವುದು ಸುಲಭದ ಗಳಿಕೆ. ಎದುರಿಗಿರುವ ಅಪಾಯವನ್ನೂ ಲೆಕ್ಕ ಹಾಕಬಹುದು: 7.85ಕ್ಕೆ ಕೊಂಡದ್ದನ್ನು ತೀರಾ ಕೆಟ್ಟ ದಿನದಲ್ಲಿ 7.75ಕ್ಕೆ ಮಾರಬೇಕಾಗಿ ಬಂದರೂ ನಷ್ಟ ಶೇ 1.3ರ ಒಳಗೇ. ಹಾಗಾಗಿ ವರ್ಷದ ಬಡ್ಡಿ ಅಂತರ ಇದಕ್ಕಿಂತ ದೊಡ್ಡದಾದರೆ ಹಿಂಜರಿಯಲು ಕಾರಣವೇ ಇಲ್ಲ, ಪಟ್ಟಿ ಮುರಿಯುವುದಿಲ್ಲ ಎಂಬ ನಂಬಿಕೆ ಇರುವವರೆಗೆ. ಹಾಂಗ್‌ಕಾಂಗ್‌ಗೆ ಬಡ್ಡಿಯಲ್ಲಿ ಒಂದಿಷ್ಟು ಸ್ವಾತಂತ್ರ್ಯ ಉಳಿದಿದ್ದರೆ ಅದು ಈ ಪಟ್ಟಿಯ ಅಗಲದಷ್ಟು ಮಾತ್ರ.

ಆದರೆ ಈ ಯಂತ್ರ ತಕ್ಷಣ ಕೆಲಸ ಮಾಡುವುದಿಲ್ಲ, ಹಲವರು ಎಡವುವುದು ಇಲ್ಲಿಯೇ. 2022ರ ಮೇ ಆರಂಭದಲ್ಲಿ ಒಟ್ಟು ಶಿಲ್ಕು 33,000 ಕೋಟಿ ಹಾಂಗ್‌ಕಾಂಗ್ ಡಾಲರಿಗೂ ಹೆಚ್ಚಿತ್ತು. ಅಷ್ಟು ಹಣ ತುಂಬಿರುವಾಗ ಸ್ವಲ್ಪ ಸ್ವಲ್ಪ ಹೀರಿದರೆ ದರ ಅಲುಗುವುದಿಲ್ಲ. ದೊಡ್ಡ ಬ್ಯಾಂಕುಗಳು ತಮ್ಮ ಪ್ರಧಾನ ಸಾಲ ದರವನ್ನು ಮೊದಲ ಬಾರಿ ಏರಿಸಿದ್ದು ಸೆಪ್ಟೆಂಬರಿನಲ್ಲಿ, ಅದೂ ಶೇ 0.125ರಷ್ಟು. ಆ ನಡುವಿನ ತಿಂಗಳುಗಳಲ್ಲಿ ‘ಹಾಂಗ್‌ಕಾಂಗ್ ಈ ತ್ರಿಕೋನದಿಂದ ತಪ್ಪಿಸಿಕೊಂಡಿದೆ’ ಎನ್ನುವವರಿದ್ದರು. ಮುಂದಿನ ವರ್ಷದ ಮೇ ಹೊತ್ತಿಗೆ ಶಿಲ್ಕು 5,000 ಕೋಟಿಗಿಂತ ಕೆಳಗಿಳಿದಿತ್ತು.

‘ಅವರ ಬಳಿ 40,000 ಕೋಟಿಗೂ ಹೆಚ್ಚು ಅಮೆರಿಕನ್ ಡಾಲರ್ ಮೀಸಲು ಇದೆಯಲ್ಲ, ಬಡ್ಡಿ ಏಕೆ ಏರಬೇಕು?’ ಎಂಬುದು ಪದೇ ಪದೇ ಬರುವ ಪ್ರಶ್ನೆ. ಮೀಸಲು ನಿಧಿ ವಿನಿಮಯ ದರವನ್ನು ಕಾಯುತ್ತದೆ, ಬಡ್ಡಿಯನ್ನಲ್ಲ. ಮೀಸಲಿನಿಂದ ಡಾಲರ್ ಹೊರಗೆ ಹೋದಂತೆ ಅಷ್ಟೇ ಸ್ಥಳೀಯ ಹಣವೂ ಒಳಗೆ ಬಂದು ಕರಗುತ್ತದೆ. ಕರಗಿದ್ದನ್ನು ಮತ್ತೆ ಸುರಿದರೆ ಅದೇ ಹಣ ಮರುದಿನ ಡಾಲರ್ ಕೇಳಿಕೊಂಡು ಬರುತ್ತದೆ. ಮೀಸಲು ಎಷ್ಟೇ ದೊಡ್ಡದಿದ್ದರೂ ಈ ಸುತ್ತು ನಿಲ್ಲುವುದಿಲ್ಲ.

2025ರ ಮೇ ತಿಂಗಳಲ್ಲಿ ಇದೇ ಆಟ ತಿರುಗಿ ನಡೆಯಿತು. ಹಣ ಒಳಕ್ಕೆ ನುಗ್ಗಿ ದರ 7.75 ಮುಟ್ಟಿತು. ಪ್ರಾಧಿಕಾರ ಡಾಲರ್ ಕೊಂಡು ಕೆಲವೇ ದಿನಗಳಲ್ಲಿ 12,940 ಕೋಟಿ ಹಾಂಗ್‌ಕಾಂಗ್ ಡಾಲರ್ ಸುರಿಯಿತು. ಅಮೆರಿಕದಲ್ಲಿ ನೀತಿ ದರ ಶೇ 4.25–4.50ರಲ್ಲೇ ನಿಂತಿದ್ದರೂ ಒಂದು ರಾತ್ರಿಯ ಹೈಬೋರ್ ಸೊನ್ನೆಯ ಹತ್ತಿರಕ್ಕೆ ಕುಸಿಯಿತು. ಅಂತರ ಶೇ 1.3 ದಾಟಿ ಎಲ್ಲೋ ಹೋಗಿತ್ತು, ಹಾಗಾಗಿ ಮುಂದೇನೆಂದು ಊಹಿಸುವುದು ಕಷ್ಟವಿರಲಿಲ್ಲ: ಜೂನ್ ಕೊನೆಯೊಳಗೆ ದರ ಮತ್ತೊಂದು ತುದಿಗೆ, 7.85ಕ್ಕೆ ಹೋಗಿ ಬಡಿಯಿತು. ಬೇಸಿಗೆಯುದ್ದಕ್ಕೂ ಪ್ರಾಧಿಕಾರ ಸುರಿದದ್ದನ್ನೇ ಮತ್ತೆ ಹೀರಿಕೊಳ್ಳುತ್ತಾ ಕೂರಬೇಕಾಯಿತು.