ಮುಕ್ಕಾಲು ಇಂಚು ಏಪ್ರಿಲ್ ಮೂರಾದ ಬಗೆ

ತೀರ್ಥಹಳ್ಳಿಯಲ್ಲಿ ಪೈಪು ಮತ್ತು ತೋಟದ ಸ್ಪ್ರಿಂಕ್ಲರ್ ಬಿಡಿಭಾಗಗಳ ಅಂಗಡಿ ನಡೆಸುವ ನನ್ನ ಚಿಕ್ಕಪ್ಪ, 2025ರ ಡಿಸೆಂಬರಿನಲ್ಲಿ ದಾಸ್ತಾನಿನ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಬರೆದಿಟ್ಟಿದ್ದರು. ಜನವರಿಯಲ್ಲಿ ಹೊಸ ದರಪಟ್ಟಿಯನ್ನು ಇನ್ನೊಂದು ಹಾಳೆಯಲ್ಲಿ ತುಂಬಿ, ಅಳತೆಯ ಆಧಾರದ ಮೇಲೆ ಎಲ್ಬೋಗಳ ದರವನ್ನು `VLOOKUP` ಮೂಲಕ ಹುಡುಕಿಸಿದಾಗ, ಒಂದೂವರೆ ಇಂಚಿನದಕ್ಕೆ ದರ ಬಂದಿತು; ಅರ್ಧ ಮತ್ತು ಮುಕ್ಕಾಲು ಇಂಚಿನವುಗಳ ಎದುರು ಮಾತ್ರ `#N/A` ಎಂದು ಕಾಣಿಸಿತು. ಅವರು ಎರಡೂ ಹಾಳೆಗಳಲ್ಲಿ `3/4` ಎಂದೇ ಒತ್ತಿದ್ದರು. ಎರಡರಲ್ಲೂ ಕಾಣುತ್ತಿದ್ದದ್ದು `03-Apr`. ತಾರೀಖಿನ ರೂಪ ಬಂದಿರುವುದನ್ನು ಅವರು ಗಮನಿಸಿದ್ದರೂ, ಅದು ತೋರಿಕೆಯ ದೋಷವಷ್ಟೇ, ಎರಡೂ ಕಡೆ ಒಂದೇ ಆಗಿರುವುದರಿಂದ ಲೆಕ್ಕಕ್ಕೆ ತೊಂದರೆಯಿಲ್ಲ ಎಂದು ಭಾವಿಸಿದ್ದರು. ಈ ಭಾವನೆ ಬಹಳ ಜನರಲ್ಲಿದೆ, ಮತ್ತು ಅದು ಪೂರ್ತಿ ತಪ್ಪು.

ಎಕ್ಸೆಲ್‌ಗೆ ತಾರೀಖು ಎಂದರೆ ಒಂದು ಸಂಖ್ಯೆ ಮಾತ್ರ. 1900ರ ಜನವರಿ 1ಕ್ಕೆ 1 ಎಂದಿಟ್ಟು ಅಲ್ಲಿಂದ ದಿನಗಳನ್ನು ಎಣಿಸುತ್ತ ಬರಲಾಗುತ್ತದೆ. (1900 ಅಧಿಕ ವರ್ಷವಲ್ಲದಿದ್ದರೂ ಈ ಎಣಿಕೆಯಲ್ಲಿ ಆ ವರ್ಷದ ಫೆಬ್ರವರಿ 29ಕ್ಕೂ ಒಂದು ಸ್ಥಾನವಿದೆ, ಲೋಟಸ್ 1-2-3 ಎಂಬ ಹಳೆಯ ತಂತ್ರಾಂಶದಲ್ಲಿದ್ದ ಈ ತಪ್ಪನ್ನು ಅದರ ಕಡತಗಳಿಗೆ ಹೊಂದಿಕೆಯಾಗಲೆಂದು ತಿಳಿದೇ ಉಳಿಸಿಕೊಳ್ಳಲಾಯಿತು.) ವರ್ಷ ಹೇಳದೆ `3/4` ಎಂದು ಒತ್ತಿದರೆ ತಂತ್ರಾಂಶವು ಆಗಿನ ವರ್ಷವನ್ನು ತಾನೇ ಸೇರಿಸುತ್ತದೆ. ಹಾಗಾಗಿ ಡಿಸೆಂಬರಿನ ಮುಕ್ಕಾಲು ಇಂಚು 2025ರ ಏಪ್ರಿಲ್ 3, ಅಂದರೆ 45750 ಆಯಿತು. ಜನವರಿಯ ಮುಕ್ಕಾಲು ಇಂಚು 2026ರ ಏಪ್ರಿಲ್ 3, ಅಂದರೆ 46115 ಆಯಿತು. ಒಂದೇ ಎಲ್ಬೋದ ಎರಡು ನಮೂದುಗಳ ನಡುವೆ 365ರ ಅಂತರವಿದ್ದರೆ ಅವು ಹೊಂದುವುದಾದರೂ ಹೇಗೆ? ಒಂದೂವರೆ ಇಂಚು ಪಾರಾದದ್ದು, ನಡುವೆ ಖಾಲಿ ಜಾಗ ಬಿಟ್ಟು ಒತ್ತಿದ `1 1/2` ಭಿನ್ನರಾಶಿಯಾಗಿಯೇ, 1.5 ಎಂದು ದಾಖಲಾಗುವುದರಿಂದ. ಆ ಪಟ್ಟಿಯನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದರೆ ಒಂದೂವರೆ ಇಂಚು ಎಲ್ಲಕ್ಕಿಂತ ಮೊದಲು ಬಂದು, ಅರ್ಧ ಇಂಚು ಅದರ ಕೆಳಗೆ ಹೋಗುತ್ತದೆ.

ಎಂಟರ್ ಒತ್ತಿದ ಕ್ಷಣದಲ್ಲಿ ನಡೆಯುವುದು ಅಡಿಕೆ ಸುಲಿದಂತೆ. ನಾವು ಒತ್ತಿದ ಅಕ್ಷರಗಳು ಸಿಪ್ಪೆ; ತಂತ್ರಾಂಶ ಅವುಗಳಿಂದ ಬಿಡಿಸಿದ ಸಂಖ್ಯೆ ಒಳಗಿನ ಅಡಿಕೆ. ಕೋಶದಲ್ಲಿ ಉಳಿಯುವುದು ಅಡಿಕೆ ಮಾತ್ರ. ಆಮೇಲೆ ಕಾಣುವ `03-Apr` ಡಬ್ಬಿಯ ಮೇಲಿನ ಚೀಟಿಯಂತೆ. ಚೀಟಿ ಬದಲಿಸಿದರೆ ಡಬ್ಬಿಯೊಳಗಿನದು ಬದಲಾಗುವುದಿಲ್ಲ. ಆದುದರಿಂದಲೇ ತಪ್ಪನ್ನು ಕಂಡ ಮೇಲೆ ಕೋಶದ ಸ್ವರೂಪವನ್ನು `Text` ಎಂದು ಬದಲಿಸಿದವರಿಗೆ `3/4` ಮರಳಿ ಸಿಗದೆ 45750 ಎಂಬ ಅಪರಿಚಿತ ಸಂಖ್ಯೆ ಎದುರಾಗುತ್ತದೆ.

ಕೆಟ್ಟಿರುವುದನ್ನು ಸರಿಪಡಿಸಲು ಪಕ್ಕದ ಕಾಲಮಿನಲ್ಲಿ ಹೀಗೆ ಬರೆಯಬಹುದು:

```
=DAY(A2)&"/"&MONTH(A2)
```

ದಿನವನ್ನು ಮೊದಲು ಬರೆಯುವ ನಮ್ಮ ಪದ್ಧತಿಗೆ ಹೊಂದಿಸಿದ ಕಂಪ್ಯೂಟರಿನಲ್ಲಿ ಒತ್ತಿದ ನಮೂದಿಗೆ ಮಾತ್ರ ಇದು ಸರಿ. ಅಮೆರಿಕದ ಪದ್ಧತಿಯಲ್ಲಿದ್ದ ಕಂಪ್ಯೂಟರಿನಲ್ಲಿ ಅದೇ `3/4` ಮಾರ್ಚ್ 4 ಆಗಿರುತ್ತದೆ, ಆಗ ಸೂತ್ರದಲ್ಲಿ `DAY` ಮತ್ತು `MONTH` ಸ್ಥಾನ ಬದಲಿಸಬೇಕು. ಬಿಡಿಭಾಗದ ಸಂಖ್ಯೆಗಳ ವಿಷಯದಲ್ಲಿ ನಷ್ಟ ಇನ್ನೂ ಹೆಚ್ಚು: ಮೂಲದಲ್ಲಿದ್ದದ್ದು `3-4` ಆಗಿತ್ತೋ, `03-04` ಆಗಿತ್ತೋ ಎಂಬುದನ್ನು 45750 ನೋಡಿ ಯಾವ ಸೂತ್ರವೂ ಹೇಳಲಾರದು. ಅಂಥಲ್ಲಿ ಬಿಲ್ಲನ್ನೋ ಡಬ್ಬಿಯನ್ನೋ ತೆಗೆದು ನೋಡುವುದೊಂದೇ ದಾರಿ.

ಆದ್ದರಿಂದ ತಡೆಯುವ ಕೆಲಸ ಒತ್ತುವ ಮೊದಲೇ ಆಗಬೇಕು. ಖಾಲಿ ಕಾಲಮನ್ನು ಪೂರ್ತಿ ಆಯ್ದು, `Ctrl+1` ಒತ್ತಿ `Text` ಎಂದು ನಿಗದಿಪಡಿಸಿದರೆ ಅನಂತರ ಒತ್ತಿದ `3/4` ಹಾಗೆಯೇ ಉಳಿದು ಕೋಶದ ಎಡಕ್ಕೆ ನಿಲ್ಲುತ್ತದೆ. ತಾರೀಖಾದದ್ದು ಬಲಕ್ಕೆ ಸರಿಯುತ್ತದೆ, ಕಣ್ಣಿಗೆ ಸಿಗುವ ಮೊದಲ ಗುರುತು ಅದೇ. ಒಂದೆರಡು ಕೋಶಗಳಿಗಾದರೆ ಮುಂದೆ ಒಂದು ಉದ್ಧರಣ ಚಿಹ್ನೆಯಿಟ್ಟು `'3/4` ಎಂದು ಒತ್ತಿದರೂ ಸಾಕು. ಅಳತೆಯನ್ನು ಕೂಡುವ, ಗುಣಿಸುವ ಅಗತ್ಯವಿದ್ದಲ್ಲಿ `0 3/4` ಎಂದು ಒತ್ತಬೇಕು. ಆಗ ಒಳಗೆ 0.75 ಇರುತ್ತದೆ.

ಹೊಸ ಆವೃತ್ತಿಗಳಲ್ಲಿ `File`, `Options`, `Data` ಅಡಿಯಲ್ಲಿ ತಾನಾಗಿ ಆಗುವ ಪರಿವರ್ತನೆಯನ್ನು ನಿಲ್ಲಿಸುವ ಆಯ್ಕೆಗಳು ಬಂದಿವೆ, ಇನ್ನು ಚಿಂತೆಯಿಲ್ಲ ಎಂದು ಹಲವರು ನಂಬಿದ್ದಾರೆ. ಅಲ್ಲಿರುವ ತಾರೀಖಿನ ಆಯ್ಕೆ ತಡೆಯುವುದು `JAN1` ಎಂಬಂತೆ ಅಕ್ಷರ ಮತ್ತು ಅಂಕಿ ಕೂಡಿಕೊಂಡ ನಮೂದುಗಳನ್ನು. ಮಾನವ ಜೀನ್‌ಗಳ ಹೆಸರಿಡುವ ಸಮಿತಿಯು `SEPT1`, `MARCH1` ಎಂಬ ಜೀನ್‌ಗಳನ್ನು `SEPTIN1`, `MARCHF1` ಎಂದು ಬದಲಿಸಬೇಕಾಗಿ ಬಂದದ್ದು ಈ ಬಗೆಯ ಪರಿವರ್ತನೆಯಿಂದಲೇ. ಆದರೆ ಓರೆಗೆರೆಯಿರುವ `3/4` ಆ ಆಯ್ಕೆಯ ವ್ಯಾಪ್ತಿಗೆ ಬರುವುದಿಲ್ಲ. ಚಿಕ್ಕಪ್ಪನ ಕಂಪ್ಯೂಟರಿನಲ್ಲಿ ಅದನ್ನು ನಿಲ್ಲಿಸಿದ ಮೇಲೂ ಮುಕ್ಕಾಲು ಇಂಚು ಏಪ್ರಿಲ್ ಮೂರೇ ಆಗುತ್ತಿತ್ತು. ಕೊನೆಗೆ ಅವರು ಎರಡೂ ಹಾಳೆಗಳ ಅಳತೆಯ ಕಾಲಮನ್ನು ಖಾಲಿ ಮಾಡಿ, `Text` ಎಂದಿಟ್ಟು, ಒಂದೂವರೆ ಇಂಚನ್ನೂ ಸೇರಿಸಿ ಎಲ್ಲವನ್ನೂ ಮತ್ತೆ ಒತ್ತಿದರು; ಮುಕ್ಕಾಲಿನ ಎದುರು ದರ ಬಂದಿತು.