ರೆಸ್ಯೂಮ್ ಕಳಿಸ್ಲಾ ಮೇಡಂ?

ಕೊಡಗು, ಮೈಸೂರು ಕಡೆಯ ರೆಸಾರ್ಟ್, ಹೋಟೆಲ್‌ಗಳಿಗೆ ಜನ ಹುಡುಕಿಕೊಡುವುದು ನನ್ನ ಕೆಲಸ. ಲಿಂಕ್ಡ್‌ಇನ್‌ನಲ್ಲಿ ‘ಇಂಥ ಕೆಲಸ ಖಾಲಿ ಇದೆ’ ಎಂದು ಹಾಕಿದರೆ ಸಂಜೆಯೊಳಗೆ ಮೆಸೇಜ್‌ಗಳು ತುಂಬಿಕೊಳ್ಳುತ್ತವೆ. ಹೆಚ್ಚಿನವು ಒಂದೇ ಥರ: ‘ಹಾಯ್ ಮೇಡಂ, ಇಂಟರೆಸ್ಟೆಡ್. ರೆಸ್ಯೂಮ್ ಕಳಿಸ್ಲಾ?’

‘ಕಳಿಸಿ’ ಅಂತ ಒಂದು ಮಾತು ಬರೆದರೆ ಏನು ಕಷ್ಟ ಅಂತ ಕೇಳುತ್ತೀರಿ. ಕಷ್ಟ ಇದೆ. ಫೋನಿನಲ್ಲಿ ನನಗೆ ಮೊದಲು ಕಾಣುವುದು ನಿಮ್ಮ ಹೆಸರು, ಫೋಟೋ ಮತ್ತು ಮೊದಲ ಒಂದು ಸಾಲು. ಆ ಸಾಲಿನಲ್ಲಿ ನೀವು ಯಾರು, ಏನು ಗೊತ್ತು ಅನ್ನುವುದೇ ಇಲ್ಲ. ಎಲ್ಲರಿಗೂ ‘ಕಳಿಸಿ’ ಅಂದರೆ ಎಲ್ಲರ ರೆಸ್ಯೂಮನ್ನೂ ತೆರೆದು ಓದಬೇಕು. ತೆರೆದರೆ ಅರ್ಧ ಜನ ಅಕೌಂಟ್ಸ್ ಓದಿದವರು, ನಾನು ಕೇಳಿದ್ದು ಫ್ರಂಟ್ ಆಫೀಸಿಗೆ.

ರೆಸ್ಯೂಮ್ ಕೊಡುತ್ತೇನೆ ಅನ್ನುವುದು ತಪ್ಪಲ್ಲ. ಪರಿಚಯ ಇಲ್ಲದವರಿಗೆ ಕನೆಕ್ಷನ್ ರಿಕ್ವೆಸ್ಟ್ ಜೊತೆ ಹೋಗುವ ಚಿಕ್ಕ ನೋಟ್‌ನಲ್ಲಿ ಫೈಲ್ ಸೇರಿಸಲು ಬರುವುದೇ ಇಲ್ಲ. ಅಲ್ಲಿ ಕೇಳಲೇಬೇಕು. ಆದರೆ ರೆಸ್ಯೂಮಿನ ಮಾತು ಬರಬೇಕಾದ್ದು ಕೊನೆಗೆ. ಅದಕ್ಕೆ ಮೊದಲು, ನಾನು ಪೋಸ್ಟಿನಲ್ಲಿ ಏನೇನು ಕೇಳಿದ್ದೇನೋ ಅದಕ್ಕೆ ಒಂದೊಂದಾಗಿ ಉತ್ತರ ಕೊಡಿ.

ಒಂದು ಉದಾಹರಣೆ ಹೇಳುತ್ತೇನೆ. ಮಡಿಕೇರಿ ಹತ್ತಿರದ ಒಂದು ರೆಸಾರ್ಟಿಗೆ ಫ್ರಂಟ್ ಆಫೀಸಿಗೆ ಒಬ್ಬರು ಬೇಕಿತ್ತು. ಎರಡು ವರ್ಷದ ಅನುಭವ, ಹೋಟೆಲ್‌ಗಳಲ್ಲಿ ಬಳಸುವ ಒಪೆರಾ ಸಾಫ್ಟ್‌ವೇರ್ ಗೊತ್ತಿರಬೇಕು, ರಾತ್ರಿ ಪಾಳಿಗೆ ತಯಾರಿರಬೇಕು, ಒಂದು ತಿಂಗಳೊಳಗೆ ಸೇರಬೇಕು ಎಂದು ಹಾಕಿದ್ದೆ. ಸುಂಟಿಕೊಪ್ಪದ ಒಬ್ಬ ಹುಡುಗ ‘ಯಾವುದಾದ್ರೂ ಕೆಲಸ ಇದ್ರೆ ಹೇಳಿ ಮೇಡಂ, ರೆಸ್ಯೂಮ್ ಕಳಿಸ್ತೀನಿ’ ಎಂದು ಬರೆದ. ನಾನು ಮುಂದೆ ಹೋಗಿಬಿಟ್ಟೆ. ಎರಡು ದಿನ ಬಿಟ್ಟು ಅವನ ಅತ್ತೆ ಒಂದು ಮದುವೆಯಲ್ಲಿ ಸಿಕ್ಕಿ, ‘ನಮ್ಮ ಹುಡುಗನಿಗೆ ಉತ್ತರವನ್ನೇ ಕೊಡಲಿಲ್ವಂತೆ’ ಎಂದರು. ವಿಚಾರಿಸಿದರೆ ಅವನು ಕುಶಾಲನಗರದ ಹೋಟೆಲಿನಲ್ಲಿ ಅದೇ ಕೆಲಸ ಮಾಡುತ್ತಿದ್ದಾನೆ! ನೈಟ್ ಆಡಿಟ್, ಅಂದರೆ ರಾತ್ರಿ ಆ ದಿನದ ಲೆಕ್ಕ ಮುಗಿಸಿ ಮರುದಿನದ ತಾರೀಕಿಗೆ ಹೋಗುವ ಕೆಲಸವನ್ನು ಒಬ್ಬನೇ ಮಾಡುತ್ತಾನೆ. ಇಷ್ಟು ಒಳ್ಳೆಯ ಸಂಗತಿ ಅವನ ಮೆಸೇಜಿನಲ್ಲಿ ಎಲ್ಲಿತ್ತು? ಕೂರಿಸಿ ಮತ್ತೆ ಬರೆಸಿದೆ:

‘ನಮಸ್ಕಾರ ಮೇಡಂ. ಮಡಿಕೇರಿ ಫ್ರಂಟ್ ಆಫೀಸ್ ಪೋಸ್ಟ್ ನೋಡಿದೆ. ಕುಶಾಲನಗರದಲ್ಲಿ ಎರಡೂವರೆ ವರ್ಷದಿಂದ ಅದೇ ಕೆಲಸ. ಒಪೆರಾ ಗೊತ್ತು, ನೈಟ್ ಆಡಿಟ್ ಒಬ್ಬನೇ ಮಾಡ್ತೇನೆ. ನೋಟಿಸ್ 30 ದಿನ. ರೆಸ್ಯೂಮ್ ಇಲ್ಲೇ ಹಾಕಲಾ, ಮೇಲ್ ಮಾಡಲಾ?’

ಇದಕ್ಕೆ ‘ಮೇಲ್ ಮಾಡಿ’ ಎನ್ನಲು ನನಗೆ ಒಂದು ಕ್ಷಣ ಸಾಕು. ಇಂಗ್ಲಿಷಿನಲ್ಲಿ ಬರೆದರೂ ಇಷ್ಟೇ ಇರಲಿ. ಕನೆಕ್ಷನ್ ರಿಕ್ವೆಸ್ಟ್ ಜೊತೆಗಿನ ನೋಟ್‌ಗೆ ಬಹಳ ಅಂದರೆ 300 ಅಕ್ಷರ, ದುಡ್ಡು ಕಟ್ಟದ ಖಾತೆಗೆ ಇನ್ನೂ ಕಡಿಮೆ. ಜಾಗ ಸಾಲದಿದ್ದರೆ ನಮಸ್ಕಾರ ಬಿಡಿ, ನಾನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ನೋಟಿಸ್ ದಿನ ಮಾತ್ರ ಬಿಡಬೇಡಿ. ದಸರಾ, ಡಿಸೆಂಬರ್ ರಜೆ ಹತ್ತಿರ ಬಂದಾಗ ಮ್ಯಾನೇಜರ್ ನನ್ನನ್ನು ಕೇಳುವ ಮೊದಲ ಪ್ರಶ್ನೆಯೇ ‘ಯಾವಾಗ ಬರ್ತಾರೆ?’ 90 ದಿನದ ನೋಟಿಸ್ ಇದ್ದರೆ ಅದನ್ನೂ ಮೊದಲೇ ಹೇಳಿ. ಕೆಲವು ಕಡೆ ಕಾಯುತ್ತಾರೆ, ಕೆಲವು ಕಡೆ ಇಲ್ಲ. ಆದರೆ ಕೊನೆಗೆ ತಿಳಿದರೆ ಯಾರೂ ಕಾಯುವುದಿಲ್ಲ.

ಇನ್ನೊಂದು ಮಾತು. ಪೋಸ್ಟಿನಲ್ಲೇ ಮೇಲ್ ವಿಳಾಸವೋ ಅರ್ಜಿಯ ಲಿಂಕೋ ಇದ್ದರೆ ‘ಕಳಿಸ್ಲಾ’ ಅಂತ ಕೇಳಲೇಬೇಡಿ. ಪೋಸ್ಟ್ ಪೂರ್ತಿ ಓದಿಲ್ಲ ಅಂತ ಗೊತ್ತಾಗುತ್ತದೆ. ಮೊದಲು ಅಲ್ಲಿ ಅರ್ಜಿ ಹಾಕಿ, ಆಮೇಲೆ ‘ಈ ಮೇಲ್ ಐಡಿಯಿಂದ ಇವತ್ತು ಅರ್ಜಿ ಹಾಕಿದ್ದೇನೆ’ ಎಂದು ಬರೆಯಿರಿ. ದೊಡ್ಡ ಕಂಪನಿಗಳಲ್ಲಿ ಅರ್ಜಿ ಅವರ ಸಾಫ್ಟ್‌ವೇರಿನೊಳಗೆ ಇರದಿದ್ದರೆ ರಿಕ್ರೂಟರ್‌ಗೆ ಮನಸ್ಸಿದ್ದರೂ ಮುಂದೆ ಕಳಿಸುವುದು ಸಾಮಾನ್ಯವಾಗಿ ಕಷ್ಟ. ಐಟಿಯವರ ರೀತಿ ಸ್ವಲ್ಪ ಬೇರೆ ಇರಬಹುದು, ನಾನು ನನ್ನ ಕ್ಷೇತ್ರದ್ದು ಹೇಳುತ್ತಿದ್ದೇನೆ.

ರೆಸ್ಯೂಮ್ ಕೇಳಿದಾಗ ಪಿಡಿಎಫ್ ಕಳಿಸಿ, ಫೈಲಿಗೆ ನಿಮ್ಮ ಹೆಸರಿಡಿ. ‘ಫೈನಲ್ ನ್ಯೂ 2’ ಅನ್ನುವ ಫೈಲುಗಳು ನನ್ನ ಹತ್ತಿರ ಬೇಕಾದಷ್ಟಿವೆ. ಆಧಾರ್, ಬ್ಯಾಂಕ್ ವಿವರ ಈ ಹಂತದಲ್ಲಿ ಯಾರಿಗೂ ಬೇಡ. ರಿಜಿಸ್ಟ್ರೇಷನ್ ಅಂತ ದುಡ್ಡು ಕೇಳಿದರೆ ಅಲ್ಲಿಗೇ ನಿಲ್ಲಿಸಿ.

ನಮ್ಮ ಕಡೆಯವರಿಗೆ ಒಂದು ವಿಷಯ ಜಾಸ್ತಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರೂ ಹೋಗುತ್ತದೆ. ತೋಟದೊಳಗಿನ ಮನೆಯವರಿಗೆ ನಾನು ಫೋನ್ ಮಾಡಿದರೆ ‘ಸ್ವಿಚ್ ಆಫ್’ ಬರುತ್ತದೆ, ಬೆಂಗಳೂರಿನ ರಿಕ್ರೂಟರ್ ಅದನ್ನು ಆಸಕ್ತಿ ಇಲ್ಲ ಎಂದುಕೊಳ್ಳುತ್ತಾನೆ. ರೆಸ್ಯೂಮ್ ಮೇಲ್ ಮಾಡುವಾಗ ಮನೆಯವರ ಇನ್ನೊಂದು ನಂಬರ್ ಕೊಡಿ, ಸಿಗ್ನಲ್ ಸಿಗುವ ಹೊತ್ತು ಯಾವುದು ಅಂತಲೂ ಬರೆಯಿರಿ. ‘ಸಂಜೆ 5ರ ಮೇಲೆ ಪೇಟೆಯಲ್ಲಿರುತ್ತೇನೆ’ ಅಂದರೆ ನಾನು 5ರ ಮೇಲೆಯೇ ಮಾಡುತ್ತೇನೆ.